ಕೋಟೆಯ ಚಿತ್ರದಡಿ ಮುಚ್ಚಿಹೋದ ಕವಲು

ಪ್ರಶ್ನೆ: ನಮ್ಮ ಹಳ್ಳಿ ನೋಡಲು ಬರುವವರಿಗೆ ಕೊಡೋಣ ಅಂತ ಮೂರು ಮಡಿಕೆಯ ಕರಪತ್ರ ಮಾಡುತ್ತಿದ್ದೇವೆ. ಒಳಗಿನ ನಕ್ಷೆಯನ್ನು ನಾನೇ ಬರೀ ಗೆರೆಗಳಲ್ಲಿ ಬರೆದಿದ್ದೇನೆ. ಒಂಬತ್ತು ಜಾಗಗಳಿಗೆ ಐಕಾನ್, ಪಕ್ಕದಲ್ಲಿ ಹೆಸರು, ಮೂಲೆಯಲ್ಲಿ 1:20,000 ಅಂತ ಅಳತೆ. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಆದರೆ ಕೈಗೆ ಕೊಟ್ಟು ಕಳಿಸಿದಾಗ ಕೆರೆಗೆ ಹೊರಟವರು ಕೋಟೆ ಬಾಗಿಲಲ್ಲಿ ನಿಂತಿದ್ದರು. ಇನ್ನು ಕೆಲವರು ಜಲಪಾತ ಇಲ್ಲೇ ಹತ್ತಿರ ಅಂದುಕೊಂಡು ನಡೆದೇ ಹೊರಟುಬಿಟ್ಟರು. ನಕ್ಷೆಯನ್ನೂ ನಿಜವಾದ ದೂರಗಳ ಪಟ್ಟಿಯನ್ನೂ ಕಳಿಸಿದ್ದೇನೆ. ಐಕಾನ್, ಅಳತೆ, ಹೆಸರು ಇವುಗಳಲ್ಲಿ ಯಾವುದು ಸರಿಯಿಲ್ಲ?

ಉತ್ತರ: ಮೂರರಲ್ಲೂ ತೊಂದರೆ ಇದೆ. ಆದರೆ ಹೆಚ್ಚಿನದರ ಬೇರು ಒಂದೇ: ಐಕಾನ್‌ಗಳು ವಿಪರೀತ ದೊಡ್ಡದಾಗಿವೆ. ಅದನ್ನು ಮೊದಲು ಸರಿಮಾಡಿದರೆ ಹೆಸರುಗಳ ಗೋಜಲು ಅರ್ಧ ತಾನಾಗೇ ಬಿಡಿಸಿಕೊಳ್ಳುತ್ತದೆ. ಅಳತೆಯದ್ದು ಮಾತ್ರ ಸ್ವಲ್ಪ ಬೇರೆ ಕಥೆ.

ನಿಮ್ಮ ನಕ್ಷೆಯ ಮೇಲೆ ಸ್ಕೇಲು ಇಟ್ಟು ನೋಡಿದೆ. 1:20,000 ಅಂದರೆ ಕಾಗದದ ಮೇಲಿನ 1 ಮಿ.ಮೀ. ನೆಲದ ಮೇಲೆ 20 ಮೀಟರ್. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಸಾಕು, ಮುಂದಿನದೆಲ್ಲ ಸುಲಭ. ಕೋಟೆಯ ಐಕಾನ್ ನಿಮ್ಮಲ್ಲಿ 18 ಮಿ.ಮೀ. ಅಗಲ ಇದೆ. ಅಂದರೆ ಅದು 360 ಮೀಟರ್ ನೆಲವನ್ನು ಮುಚ್ಚಿಕೊಂಡು ಕೂತಿದೆ. ನಿಮ್ಮ ಪಟ್ಟಿಯ ಪ್ರಕಾರ ಕೋಟೆಯ ನಿಜವಾದ ಅಗಲ 80 ಮೀಟರ್. ಕಾಗದದ ಮೇಲೆ ಅದಕ್ಕೆ ಸಲ್ಲಬೇಕಾದ್ದು 4 ಮಿ.ಮೀ. ಮಾತ್ರ.

ಐಕಾನ್ ನಿಜಕ್ಕಿಂತ ದೊಡ್ಡದಾಗಿರುವುದು ತಪ್ಪಲ್ಲ. ಎಲ್ಲ ಪ್ರವಾಸಿ ನಕ್ಷೆಗಳಲ್ಲೂ ಹಾಗೇ ಇರುತ್ತದೆ, ಇಲ್ಲದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಆದರೆ ದೊಡ್ಡದು ಮಾಡಿದಾಗ ಅದರ ಅಡಿಗೆ ಏನು ಹೋಯಿತು ಅಂತ ನೋಡಬೇಕಲ್ಲ? ಇಲ್ಲಿ ಅಡಿಗೆ ಹೋಗಿರುವುದು ಇಡೀ ನಕ್ಷೆಯ ಅತಿ ಮುಖ್ಯ ಜಾಗ.

ಬಸ್ ನಿಲ್ದಾಣದಿಂದ ಸೇತುವೆ 600 ಮೀಟರ್. ಸೇತುವೆ ದಾಟಿ 180 ಮೀಟರ್ ಹೋದರೆ ರಸ್ತೆ ಕವಲೊಡೆಯುತ್ತದೆ. ಎಡಕ್ಕೆ 120 ಮೀಟರ್‌ಗೆ ಕೋಟೆ ಬಾಗಿಲು, ಬಲಕ್ಕೆ 640 ಮೀಟರ್‌ಗೆ ಕೆರೆ ಏರಿ. ಕಾಗದದ ಮೇಲೆ ಆ ಕವಲು ಕೋಟೆ ಬಾಗಿಲಿನಿಂದ 6 ಮಿ.ಮೀ. ದೂರದಲ್ಲಿದೆ. ನೀವು 18 ಮಿ.ಮೀ. ಐಕಾನನ್ನು ಬಾಗಿಲಿನ ಮೇಲೇ ನಡುಮಧ್ಯಕ್ಕೆ ಇಟ್ಟಿದ್ದೀರಿ. ಎರಡೂ ಕಡೆ ತಲಾ 9 ಮಿ.ಮೀ. ಚಾಚಿಕೊಂಡಿದೆ. ಕವಲು ಪೂರ್ತಿ ಅದರ ಅಡಿಗೆ ಹೋಯಿತು. ಕೆರೆಗೆ ಹೋಗುವ ರಸ್ತೆ ಐಕಾನಿನ ಅಂಚಿನಲ್ಲಿ ಮತ್ತೆ ಹೊರಗೆ ಕಾಣಿಸಿಕೊಳ್ಳುತ್ತದೆ. ನೋಡುವವರಿಗೆ ಅದು ಕೋಟೆ ಬಾಗಿಲಿನಿಂದಲೇ ಹೊರಟಂತೆ ಕಾಣುತ್ತದೆ. ಹಾಗಾಗಿ ಕೆರೆಗೆ ಹೊರಟವರು ಕೋಟೆ ಬಾಗಿಲಿಗೆ ಹೋಗಿ ನಿಂತದ್ದು ನಿಮ್ಮ ನಕ್ಷೆಯನ್ನು ಸರಿಯಾಗಿಯೇ ಓದಿ! ಅವರದ್ದೇನೂ ತಪ್ಪಿಲ್ಲ.

ಸರಿಮಾಡುವ ಬಗೆ ಹೀಗೆ. ಕೋಟೆ ಬಾಗಿಲು ಇರುವ ಜಾಗದಲ್ಲಿ 1.5 ಮಿ.ಮೀ. ಗಾತ್ರದ ಒಂದು ಕಪ್ಪು ಚುಕ್ಕೆ ಇಡಿ. ಜಾಗವನ್ನು ಹೇಳುವುದು ಆ ಚುಕ್ಕೆ, ಐಕಾನ್ ಅಲ್ಲ. ಐಕಾನನ್ನು 8 ಮಿ.ಮೀ.ಗೆ ಇಳಿಸಿ, ರಸ್ತೆಯ ಮೇಲಿಂದ ತೆಗೆದು, ಕವಲಿಗೆ ಬೆನ್ನು ಹಾಕಿದ ಕಡೆ, ಚುಕ್ಕೆಗೆ ಅಂಟಿದಂತೆ ಕೂರಿಸಿ. ಅದರ ಬುಡ ಚುಕ್ಕೆಯ ಕಡೆಗೇ ಇರಲಿ. ಆಗ ಕವಲು ಸಲೀಸಾಗಿ ತೆರೆದುಕೊಳ್ಳುತ್ತದೆ. ನಾನು ಇಟ್ಟುಕೊಂಡಿರುವ ಕಟ್ಟಳೆ ಒಂದಿದೆ: ಯಾವುದೇ ಕವಲಿನ ಸುತ್ತ 5 ಮಿ.ಮೀ. ಒಳಗೆ ರಸ್ತೆಯ ಗೆರೆ ಬಿಟ್ಟು ಬೇರೇನೂ ಬರಬಾರದು. ಐಕಾನ್ ಬೇಡ, ಹೆಸರು ಬೇಡ, ಅಲಂಕಾರದ ಮರವಂತೂ ಬೇಡವೇ ಬೇಡ. ನಡೆಯುವವರು ನಕ್ಷೆ ತೆಗೆದು ನೋಡುವುದು ಕವಲಿನಲ್ಲಿ ನಿಂತಾಗ ಮಾತ್ರ. ನೇರ ರಸ್ತೆಯಲ್ಲಿ ಯಾರು ನೋಡುತ್ತಾರೆ?

ನೀವು ಬರೆದ ಕ್ರಮವೂ ಇದಕ್ಕೆ ಕಾರಣ ಅನ್ನಿಸುತ್ತದೆ. ಚಿತ್ರಗಳನ್ನು ಮೊದಲು ಜೋಡಿಸಿಕೊಂಡು, ಆಮೇಲೆ ಅವುಗಳ ನಡುವೆ ರಸ್ತೆ ಎಳೆದ ಹಾಗಿದೆ. ತಿರುಗಿಸಿ ಮಾಡಿ. ಮೊದಲು ರಸ್ತೆ, ಆಮೇಲೆ ಚುಕ್ಕೆಗಳು, ಆಮೇಲೆ ಹೆಸರುಗಳಿಗೆ ಜಾಗ ಹಿಡಿದು, ಉಳಿದ ಬಿಳಿ ಜಾಗಕ್ಕೆ ಐಕಾನ್.

ಒಂದು ಎಚ್ಚರಿಕೆ. ಈಗಿನ ಕೋಟೆ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಎಳೆದು ಸಣ್ಣದು ಮಾಡಬೇಡಿ. ಅದರಲ್ಲಿ ಕಲ್ಲು ಕಲ್ಲನ್ನೂ 0.4 ಮಿ.ಮೀ. ಗೆರೆಯಲ್ಲಿ ಬರೆದಿದ್ದೀರಿ. 18ರಿಂದ 8ಕ್ಕೆ ಇಳಿಸಿದರೆ ಆ ಗೆರೆ 0.18 ಮಿ.ಮೀ. ಆಗುತ್ತದೆ. 0.25 ಮಿ.ಮೀ.ಗಿಂತ ತೆಳುವಾದ ಗೆರೆಯನ್ನು ಸಾಧಾರಣ ಪ್ರಿಂಟರ್ ನಂಬುವ ಹಾಗಿಲ್ಲ. ಕೆಲವು ಕಡೆ ತುಂಡಾಗುತ್ತದೆ, ಕೆಲವು ಕಡೆ ಮಾಯವಾಗುತ್ತದೆ. ಒತ್ತೊತ್ತಾಗಿರುವ ಕಡೆ ಎಲ್ಲ ಸೇರಿ ಕಪ್ಪು ಮುದ್ದೆಯಾಗುತ್ತದೆ. ಹೊಸದಾಗಿ ಬರೆಯಿರಿ: ಎರಡು ಬುರುಜು, ನಡುವೆ ಕಮಾನಿನ ಬಾಗಿಲು, ಮೇಲೆ ಹಲ್ಲು ಹಲ್ಲಾದ ಗೋಡೆ. ಅಷ್ಟೇ ಸಾಕು. ಬಾಗಿಲನ್ನು ಬಿಳಿ ಬಿಟ್ಟು ಉಳಿದದ್ದೆಲ್ಲ ಕಪ್ಪು ತುಂಬಿಸಿ.

ಕಪ್ಪು ತುಂಬಿಸುವುದು ಒಳ್ಳೆಯ ಪರೀಕ್ಷೆಯೂ ಹೌದು. ಎಲ್ಲ ಐಕಾನ್‌ಗಳನ್ನೂ ಬರೀ ಕಪ್ಪು ನೆರಳಾಗಿಸಿ ನೋಡಿ. ನಿಮ್ಮ ಹಳೇ ಗಿರಣಿ, ತಂಗುಮನೆ ಎರಡೂ ಇಳಿಜಾರು ಸೂರಿನ ಮನೆಗಳೇ. ನೆರಳಲ್ಲಿ ಅವಳಿ ಮಕ್ಕಳಂತೆ ಕಾಣುತ್ತವೆ. ಗಿರಣಿಗೆ ಅದರ ಚಕ್ರ ಸಾಕು, ಮನೆ ಬೇಡ. ತಂಗುಮನೆಗೆ ಹಾಸಿಗೆಯ ಗುರುತು ಸಾಕು. ಅದನ್ನು ಎಲ್ಲರೂ ಎಲ್ಲೆಡೆ ನೋಡಿರುತ್ತಾರೆ.

ಇನ್ನು ಕೆರೆ. ಅದರ ಮೇಲೆ ದೋಣಿಯ ಐಕಾನ್ ಹಾಕಿದ್ದೀರಿ. ಚೆಂದವಾಗಿಯೇ ಇದೆ. ಆದರೆ ಕರಪತ್ರದ ಬೇರೆ ಯಾವ ಪುಟದಲ್ಲೂ ದೋಣಿ ವಿಹಾರದ ಸುದ್ದಿಯಿಲ್ಲ. ಪ್ರವಾಸಿ ನಕ್ಷೆಯಲ್ಲಿ ದೋಣಿ ಕಂಡರೆ ಅಲ್ಲಿ ದೋಣಿ ಸಿಗುತ್ತದೆ ಅಂತಲೇ ಅರ್ಥ. ಬಂದವರು ಕೇಳುತ್ತಾರೆ, ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅಸಲಿಗೆ ಕೆರೆಗೆ ಐಕಾನ್ ಬೇಕಾಗಿಯೇ ಇಲ್ಲ. ನಿಜವಾದ ಆಕಾರದಲ್ಲಿ ಅದರ ದಡದ ಗೆರೆ ಎಳೆದು, ಒಳಗೆ ಬೂದು ಬಣ್ಣ ಹಚ್ಚಿದರೆ ಕೆರೆ ತಾನೇ ತನ್ನ ಗುರುತು. ಸೇತುವೆಯೂ ಹಾಗೇ. ರಸ್ತೆಯ ಎರಡೂ ಬದಿಗೆ ಒಂದೊಂದು ಸಣ್ಣ ಗೆರೆ ಎಳೆದು, ತುದಿಗಳನ್ನು ಹೊರಕ್ಕೆ ಸ್ವಲ್ಪ ಬಾಗಿಸಿದರೆ ಸೇತುವೆ ಅಂತ ಗೊತ್ತಾಗುತ್ತದೆ. ಹೀಗೆ ಒಂಬತ್ತರಲ್ಲಿ ಎರಡು ಐಕಾನ್ ಕಳೆದವು.

ಒಂದನ್ನು ಸೇರಿಸಲೂಬೇಕು. ನಿಮ್ಮ ಪಟ್ಟಿಯಲ್ಲಿ ಕವಲಿನ ಮೂಲೆಯಲ್ಲೇ ನೀರಿನ ಓವರ್‌ಹೆಡ್ ಟ್ಯಾಂಕ್ ಇದೆ ಅಂತ ಬರೆದಿದ್ದೀರಿ, ನಕ್ಷೆಯಲ್ಲಿ ಅದಿಲ್ಲ. ನೋಡಲು ಬರುವ ಜಾಗವಲ್ಲವಲ್ಲ ಅಂತ ಬಿಟ್ಟಿರಬಹುದು. ಆದರೆ ಗುರುತಿನ ಜಾಗ ಬೇರೆ, ನೋಡುವ ಜಾಗ ಬೇರೆ. ಸೇತುವೆಯ ಮೇಲೆ ನಿಂತವರಿಗೆ ಕೋಟೆಗಿಂತ ಮೊದಲು ಕಾಣುವುದು ಆ ಟ್ಯಾಂಕೇ. ‘ಟ್ಯಾಂಕಿನ ಹತ್ತಿರ ಬಲಕ್ಕೆ’ ಅನ್ನುವುದು ಕೆರೆಗೆ ಹೋಗುವವರಿಗೆ ಕೊಡಬಹುದಾದ ಅತಿ ಸುಲಭದ ದಾರಿ. ಸಣ್ಣದಾಗಿ, 5 ಮಿ.ಮೀ. ಎತ್ತರದಲ್ಲಿ, ನಾಲ್ಕು ಕಾಲಿನ ಮೇಲೊಂದು ತೊಟ್ಟಿ ಬರೆದು ಕವಲಿನಿಂದ ಸ್ವಲ್ಪ ಆಚೆಗೆ ಇಡಿ. ನೋಡುವ ಜಾಗಗಳು 8 ಮಿ.ಮೀ., ಗುರುತಿನ ಜಾಗ ಮತ್ತು ಸೌಲಭ್ಯಗಳು 5 ಮಿ.ಮೀ. ಈ ಎರಡೇ ಗಾತ್ರ ಇರಲಿ. ಮೂರನೆಯ ಗಾತ್ರ ಬಂದರೆ ಓದುವವರು ಅದಕ್ಕೇನೋ ಅರ್ಥ ಹುಡುಕುತ್ತಾರೆ.

ಈಗ ಜಲಪಾತಕ್ಕೆ ಬರೋಣ. ಬಸ್ ನಿಲ್ದಾಣದಿಂದ ಅದು 6 ಕಿ.ಮೀ. 1:20,000ರಲ್ಲಿ ಅದು 300 ಮಿ.ಮೀ. ಆಗಬೇಕು. ಎ4 ಹಾಳೆಯ ಉದ್ದವೇ 297 ಮಿ.ಮೀ. ನಿಮ್ಮ ನಕ್ಷೆ ಇರುವುದು ಅದರ ಎರಡು ಮಡಿಕೆಗಳಲ್ಲಿ, ಹತ್ತಿರಹತ್ತಿರ 198 ಮಿ.ಮೀ. ಅಲ್ಲಿ ಹಿಡಿಸುವ ಮಾತೇ ಇಲ್ಲ. ಹಾಗಾಗಿ ನೀವು ಅದನ್ನು ಎಳೆದು ತಂದು 60 ಮಿ.ಮೀ. ದೂರದಲ್ಲಿ ಇಟ್ಟಿದ್ದೀರಿ. ಹಳ್ಳಿಯ ನಕ್ಷೆಯಲ್ಲಿ ಇದು ಎಲ್ಲರೂ ಮಾಡುವ ಕೆಲಸ, ಮಾಡಬಾರದು ಅಂತಲ್ಲ. ಆದರೆ ಮೂಲೆಯಲ್ಲಿ 1:20,000 ಅಂತ ಹಾಗೇ ಬಿಟ್ಟಿದ್ದೀರಿ. ಅದನ್ನು ನಂಬಿದರೆ ಜಲಪಾತ 1.2 ಕಿ.ಮೀ. ಕಾಲು ಗಂಟೆಯ ನಡಿಗೆ. ಅವರು ನಡೆದು ಹೊರಟದ್ದು ಸುಮ್ನೆ ಅಲ್ಲ.

ನಿಮ್ಮ ಪತ್ರದಲ್ಲಿ ‘ಮೆಟ್ರೊ ನಕ್ಷೆಯಲ್ಲೂ ದೂರ ಸರಿ ಇರಲ್ಲ ಅಲ್ವಾ’ ಅಂತ ಒಂದು ಸಾಲು ಇದೆ. ನಿಜ. ಆ ಬಗೆಯ ನಕ್ಷೆಗಳಿಗೆ ದಾರಿ ಹಾಕಿದ್ದು ಹ್ಯಾರಿ ಬೆಕ್ ಬರೆದು 1933ರಲ್ಲಿ ಹೊರಬಂದ ಲಂಡನ್ ಸುರಂಗ ರೈಲಿನ ನಕ್ಷೆ. ಅದರಲ್ಲಿ ದೂರಕ್ಕೆ ಬೆಲೆಯಿಲ್ಲ, ನಿಲ್ದಾಣಗಳ ಕ್ರಮಕ್ಕೆ, ಎಲ್ಲಿ ಗಾಡಿ ಬದಲಿಸಬೇಕು ಅನ್ನುವುದಕ್ಕೆ ಬೆಲೆ. ಅದು ನಡೆಯುತ್ತದೆ, ಯಾಕೆಂದರೆ ರೈಲಿನಲ್ಲಿ ಕೂತವರು ನಡೆಯುವುದಿಲ್ಲ. ಎರಡು ನಿಲ್ದಾಣದ ನಡುವೆ 1 ಕಿ.ಮೀ. ಇದ್ದರೂ 3 ಕಿ.ಮೀ. ಇದ್ದರೂ ಅವರ ಕಾಲಿಗೆ ಒಂದೇ. ನಿಮ್ಮ ಓದುಗರು ಕಾಲ್ನಡಿಗೆಯವರು. ಅವರಿಗೆ ದೂರ ಅಂದರೆ ನೀರು, ಬಿಸಿಲು, ವಾಪಸು ಬಸ್ಸಿನ ಹೊತ್ತು ಎಲ್ಲವೂ.

ಹಾಗಾದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇಡೀ ನಕ್ಷೆ ಅಳತೆಗೆ ಸರಿಯಿಲ್ಲ ಅಂತ ಬರೆದು ಪ್ರತಿ ದಾರಿಯ ಮೇಲೂ ದೂರ ನಮೂದಿಸುವುದು ಒಂದು ದಾರಿ. ಹಳ್ಳಿಯ ಒಳಭಾಗವನ್ನು ಅಳತೆಗೆ ಸರಿಯಾಗಿಟ್ಟು, ದೂರದ್ದನ್ನು ಅಂಚಿನಲ್ಲಿ ಬಾಣ ಹಾಕಿ ಸೂಚಿಸುವುದು ಇನ್ನೊಂದು. ನಿಮಗೆ ಎರಡನೆಯದು ಸರಿ. ಜಲಪಾತ ಒಂದನ್ನು ಬಿಟ್ಟರೆ ಉಳಿದ ಎಂಟೂ ನಿಮ್ಮ ನಕ್ಷೆಯಲ್ಲಿ ಹೆಚ್ಚುಕಮ್ಮಿ ಸರಿಯಾದ ದೂರದಲ್ಲೇ ಇವೆ. ಒಂದಕ್ಕೋಸ್ಕರ ಎಲ್ಲವನ್ನೂ ಕೆಡಿಸುವುದು ಯಾಕೆ? ಜಲಪಾತದ ರಸ್ತೆಯನ್ನು ನಕ್ಷೆಯ ಚೌಕಟ್ಟಿನವರೆಗೆ ಎಳೆಯಿರಿ. ಅಂಚಿಗೆ ಸ್ವಲ್ಪ ಮೊದಲು ರಸ್ತೆಗೆ ಅಡ್ಡಲಾಗಿ ಎರಡು ಓರೆ ಗೆರೆ ಹಾಕಿ ನಡುವೆ ತುಂಡು ಬಿಡಿ. ಅದು ‘ಇಲ್ಲಿ ರಸ್ತೆ ಕತ್ತರಿಸಿದೆ’ ಅನ್ನುವ ಗುರುತು. ತುದಿಯಲ್ಲಿ ಬಾಣ, ಪಕ್ಕದಲ್ಲಿ ಜಲಪಾತದ ಐಕಾನ್. ಕೆಳಗೆ ದಪ್ಪ ಅಕ್ಷರದಲ್ಲಿ ‘ಜಲಪಾತಕ್ಕೆ ಬಸ್ ನಿಲ್ದಾಣದಿಂದ 6 ಕಿ.ಮೀ.’ ಅಂತ ಬರೆಯಿರಿ. ಕತ್ತರಿ ಗುರುತು ಎಲ್ಲರಿಗೂ ಅರ್ಥವಾಗುತ್ತದೆ ಅಂತ ನಂಬಬೇಡಿ, ಅದಕ್ಕೇ ಅಂಕಿ ದಪ್ಪವಾಗಿರಬೇಕು.

ಆಮೇಲೆ 1:20,000 ಅನ್ನುವ ಅಂಕಿಯನ್ನೇ ಅಳಿಸಿಬಿಡಿ. ಅದು ನೀವು ಬರೆದ ಗಾತ್ರದಲ್ಲೇ ಅಚ್ಚಾದರೆ ಮಾತ್ರ ಸತ್ಯ. ಮುಂದೊಮ್ಮೆ ಯಾರೋ ಇದನ್ನೇ ಎ5 ಕೈಪಿಡಿಗೆ ಹಾಕುತ್ತಾರೆ. ಎ4ರಿಂದ ಎ5ಕ್ಕೆ ಇಳಿದಾಗ ಎಲ್ಲವೂ ಶೇ. 71ಕ್ಕೆ ಕುಗ್ಗುತ್ತದೆ. ಆಗ ನಕ್ಷೆ ಸುಮಾರು 1:28,000 ಆಗಿರುತ್ತದೆ, ಆದರೆ ಮೂಲೆಯ ಅಂಕಿ ಮಾತ್ರ ಹಳೆಯದನ್ನೇ ಹೇಳುತ್ತಿರುತ್ತದೆ. ಫೋನಿನಲ್ಲಿ ತೆರೆದರಂತೂ ಆ ಅಂಕಿಗೆ ಅರ್ಥವೇ ಇಲ್ಲ. ಅದರ ಬದಲು ಒಂದು ಅಳತೆ ಗೆರೆ ಎಳೆಯಿರಿ. 50 ಮಿ.ಮೀ. ಉದ್ದ, ಒಂದು ತುದಿಗೆ 0, ನಡುವೆ 500 ಮೀ., ಕೊನೆಗೆ 1 ಕಿ.ಮೀ. ನಕ್ಷೆ ಕುಗ್ಗಿದರೆ ಗೆರೆಯೂ ಜೊತೆಗೇ ಕುಗ್ಗುತ್ತದೆ, ಎಂದೂ ಸುಳ್ಳಾಡುವುದಿಲ್ಲ. ನೂರು ಮೀಟರಿಗೊಂದು ಗೀಟು ಹಾಕುವ ಆಸೆ ಬಿಡಿ. ಕೈಯಲ್ಲಿ ಬರೆದ ರಸ್ತೆಗೆ ಅಷ್ಟು ನಿಖರತೆ ಇರುವುದಿಲ್ಲ, ಇದೆ ಅಂತ ತೋರಿಸುವುದೂ ಬೇಡ.

ವೀಕ್ಷಣಾ ಗೋಪುರದ ದಾರಿಗೆ ಮಾತ್ರ ಹೊತ್ತನ್ನೂ ಬರೆಯಿರಿ. ದೂರ 1.2 ಕಿ.ಮೀ., ಏರು 100 ಮೀಟರ್ ಅಂತ ಕೊಟ್ಟಿದ್ದೀರಿ. ಬೆಟ್ಟ ಹತ್ತುವವರು ಬಳಸುವ ನೈಸ್ಮಿತ್ ಲೆಕ್ಕದಲ್ಲಿ ಗಂಟೆಗೆ 5 ಕಿ.ಮೀ. ನಡಿಗೆ, ಪ್ರತಿ 100 ಮೀಟರ್ ಏರಿಗೆ ಇನ್ನೂ 10 ನಿಮಿಷ. ಸುಮಾರು 25 ನಿಮಿಷ ಬರುತ್ತದೆ. ಅದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ. ಮನೆಮಂದಿಯೆಲ್ಲ ಬರುವ ಜಾಗಕ್ಕೆ ‘ಏರುದಾರಿ, 40 ನಿಮಿಷ’ ಅಂತ ಹಾಕಿ. ಚಪ್ಪಟೆ ನಕ್ಷೆಯಲ್ಲಿ ಏರು ಕಾಣುವುದೇ ಇಲ್ಲ, ಅಳತೆ ಗೆರೆಯೂ ಅದನ್ನು ಹೇಳಲಾರದು.

ಕೊನೆಗೆ ಹೆಸರುಗಳು. ಐಕಾನ್ ಇಳಿದ ಮೇಲೆ ಜಾಗ ಸಿಗುತ್ತದೆ, ಹಾಗಾಗಿ ಈಗಿನ ಜಾಗಗಳನ್ನು ಮರೆತು ಮೊದಲಿನಿಂದ ಕೂರಿಸಿ. ಸ್ವಿಸ್ ನಕ್ಷೆಗಾರ ಎಡುವರ್ಡ್ ಇಮ್‌ಹೋಫ್ 1962ರಲ್ಲಿ ಹೆಸರು ಕೂರಿಸುವ ಬಗ್ಗೆಯೇ ಒಂದು ಲೇಖನ ಬರೆದ. ಇವತ್ತಿಗೂ ಎಲ್ಲರೂ ಅದರ ನೆರಳಿನಲ್ಲೇ ಕೆಲಸ ಮಾಡುವುದು. ಚುಕ್ಕೆಯಾಗಿ ತೋರಿಸಿದ ಊರಿನ ಹೆಸರು ಅದರ ಬಲಕ್ಕೆ, ಸ್ವಲ್ಪ ಮೇಲೆ ಇದ್ದರೆ ಉತ್ತಮ ಅನ್ನುವುದು ಅಲ್ಲಿಯ ಒಂದು ಸೂತ್ರ. ರೋಮನ್ ಲಿಪಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಅಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರಗಳು ಕಡಿಮೆ.

ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ನಿಮ್ಮ ‘ಬಸ್ ನಿಲ್ದಾಣ’ವನ್ನೇ ನೋಡಿ. ಹೆಸರನ್ನು ಬಸ್ಸಿನ ಚಿತ್ರದ ಮೇಲುಗಡೆ ಇಟ್ಟಿದ್ದೀರಿ. ‘ಲ್ದಾ’ದ ಒತ್ತು ಬಸ್ಸಿನ ಛಾವಣಿಗೆ ತಗುಲಿ, ಬಸ್ಸಿನ ಮೇಲೆ ಯಾವುದೋ ಸಾಮಾನು ಕಟ್ಟಿದ ಹಾಗೆ ಕಾಣುತ್ತಿದೆ! ‘ವೀಕ್ಷಣಾ ಗೋಪುರ’ದಲ್ಲಿ ಎರಡು ಸಾಲು ಮಾಡಿದ್ದೀರಿ. ಅಲ್ಲಿ ‘ಕ್ಷ’ದ ಬಾಲ ಕೆಳಗಿನ ‘ಗೋ’ದ ತಲೆಯನ್ನು ಮುಟ್ಟಿದೆ. ಆದ್ದರಿಂದ ಕನ್ನಡಕ್ಕೆ ನಾನು ಹೇಳುವ ಕ್ರಮ ಇದು: ಮೊದಲ ಆಯ್ಕೆ ಐಕಾನಿನ ಬಲಕ್ಕೆ, ಅದರ ನಡುಮಟ್ಟದಲ್ಲಿ. ಅಲ್ಲಿ ಜಾಗವಿಲ್ಲದಿದ್ದರೆ ಎಡಕ್ಕೆ. ಅದೂ ಆಗದಿದ್ದರೆ ಕೆಳಗೆ. ಮೇಲುಗಡೆ ಕಟ್ಟಕಡೆಯ ಆಯ್ಕೆ, ಅಲ್ಲಿಟ್ಟರೆ ಒತ್ತಿನ ತುದಿಯಿಂದ ಐಕಾನಿಗೆ ಕನಿಷ್ಠ 1 ಮಿ.ಮೀ. ಬಿಡಿ. ಎರಡು ಸಾಲಿನ ಹೆಸರಿಗೆ 9 ಪಾಯಿಂಟ್ ಅಕ್ಷರವಾದರೆ ಸಾಲಿನ ಅಂತರ 13 ಪಾಯಿಂಟ್ ಇರಲಿ. 8 ಪಾಯಿಂಟಿಗಿಂತ ಕೆಳಗೆ ಯಾವ ಹೆಸರನ್ನೂ ಇಳಿಸಬೇಡಿ, ಒತ್ತುಗಳು ಕಲೆಯ ಹಾಗೆ ಕಾಣತೊಡಗುತ್ತವೆ.

‘ಹಳೇ ಗಿರಣಿ’ ಅನ್ನುವ ಹೆಸರು ಗಿರಣಿಯಿಂದ 7 ಮಿ.ಮೀ., ತಂಗುಮನೆಯಿಂದ 5 ಮಿ.ಮೀ. ದೂರದಲ್ಲಿದೆ. ಓದುವವರು ಹತ್ತಿರದ್ದಕ್ಕೇ ಕಟ್ಟುತ್ತಾರೆ. ಹೆಸರು ತನ್ನ ಐಕಾನಿಗೆ 1ರಿಂದ 1.5 ಮಿ.ಮೀ. ಹತ್ತಿರ ಇರಬೇಕು, ಪಕ್ಕದವರ ಐಕಾನಿಗೆ ಕನಿಷ್ಠ ಅದರ ಮೂರು ಪಟ್ಟು ದೂರ. ‘ದೊಡ್ಡ ಕೆರೆ’ ಅರ್ಧ ನೀರಲ್ಲಿ, ಅರ್ಧ ದಡದ ಮೇಲೆ ಇದೆ. ದಡದ ಗೆರೆ ‘ಡ್ಡ’ವನ್ನು ಸೀಳಿಕೊಂಡು ಹೋಗಿದೆ. ಪೂರ್ತಿ ನೀರಿನ ಒಳಗೆ ಹಾಕಿ, ಅಲ್ಲಿ ಜಾಗ ಬೇಕಾದಷ್ಟಿದೆ. ಕೆರೆಯ ಅಗಲಕ್ಕೆ ಹೊಂದಲಿ ಅಂತ ಅಕ್ಷರಗಳನ್ನು ಬಿಡಿಬಿಡಿಯಾಗಿ ಎಳೆಯಬೇಡಿ. ರೋಮನ್ ಅಕ್ಷರಕ್ಕೆ ಅದು ಚೆಂದ, ಕನ್ನಡದ ಪದ ಓದಲು ಕಷ್ಟವಾಗುತ್ತದೆ. ರಸ್ತೆಯ ಬಾಗಿಗೆ ತಕ್ಕಂತೆ ಹೆಸರು ಬಾಗಿಸುವುದೂ ಬೇಡ. ಕೆಲವು ತಂತ್ರಾಂಶಗಳಲ್ಲಿ ಹಾಗೆ ಮಾಡಿದಾಗ ಒತ್ತು, ಸ್ವರಚಿಹ್ನೆಗಳು ಜಾಗ ತಪ್ಪುತ್ತವೆ. ಹೆಸರು ರಸ್ತೆಯ ಮೇಲೆ ಬೀಳಲೇಬೇಕು ಅನ್ನುವ ಕಡೆ ಅಕ್ಷರಗಳ ಸುತ್ತ ತೆಳುವಾದ ಬಿಳಿ ಅಂಚು ಕೊಡಿ, ಅಥವಾ ಆ ತುಂಡಿನಲ್ಲಿ ರಸ್ತೆಯನ್ನೇ ಕಡಿದುಬಿಡಿ. ಆದರೆ ಕವಲಿನ ಹತ್ತಿರ ಮಾತ್ರ ಬೇಡ.

ಮಡಿಕೆಯ ಗೆರೆಯನ್ನೂ ನೋಡಿ. ಎರಡು ಮಡಿಕೆಗಳ ನಡುವಿನ ಗೆರೆ ಈಗ ಸರಿಯಾಗಿ ಸೇತುವೆಯ ಹೆಸರಿನ ಮೇಲೆ ಹಾದುಹೋಗುತ್ತದೆ. ನಾಲ್ಕು ಸಲ ಮಡಚಿ ಬಿಚ್ಚಿದರೆ ಅಲ್ಲಿಯ ಶಾಯಿ ಉದುರುತ್ತದೆ. ಗೆರೆಯ ಎರಡೂ ಬದಿ 3 ಮಿ.ಮೀ. ಜಾಗದಲ್ಲಿ ರಸ್ತೆ ಮಾತ್ರ ದಾಟಲಿ, ಹೆಸರು, ಐಕಾನ್ ಬೇಡ. ಅಚ್ಚಿನವರನ್ನು ಮೊದಲೇ ಕೇಳಿಕೊಳ್ಳಿ. ಒಳಗೆ ಸೇರಿಕೊಳ್ಳುವ ಮಡಿಕೆಯನ್ನು ಸಾಮಾನ್ಯವಾಗಿ ಒಂದೆರಡು ಮಿ.ಮೀ. ಕಿರಿದು ಮಾಡುತ್ತಾರೆ, ಹಾಗಾಗಿ ಗೆರೆ ಸರಿಯಾಗಿ 99 ಮಿ.ಮೀ.ಗೇ ಬರುತ್ತದೆ ಅಂತಿಲ್ಲ.

ತಿದ್ದಿದ ಮೇಲೆ ಮತ್ತೆ ‘ಹೇಗಿದೆ’ ಅಂತ ಯಾರನ್ನೂ ಕೇಳಬೇಡಿ. ಮುಂಚೆ ಕೇಳಿದ್ದಕ್ಕೆ ಚೆನ್ನಾಗಿದೆ ಅಂತಲೇ ಬಂತಲ್ಲ. ಕಪ್ಪುಬಿಳುಪಿನಲ್ಲಿ ಒಂದು ಜೆರಾಕ್ಸ್ ತೆಗೆದು, ಹಳ್ಳಿಯನ್ನು ನೋಡಿರದ ಒಬ್ಬರ ಕೈಗೆ ಕೊಡಿ. ಬಸ್ ನಿಲ್ದಾಣದಿಂದ ಕೆರೆಗೆ ಬೆರಳಿಟ್ಟು ಹೋಗಲು ಹೇಳಿ, ಎಲ್ಲಿ ತಿರುಗುತ್ತೀರಿ, ತಿರುಗುವಾಗ ಎದುರಿಗೆ ಏನು ಕಾಣುತ್ತದೆ ಅಂತ ಕೇಳಿ. ‘ಟ್ಯಾಂಕ್’ ಅಂದರೆ ನಕ್ಷೆ ಸರಿಯಾಗಿದೆ. ಬೆರಳು ಕೋಟೆಯ ಕಡೆ ಎಳೆದರೆ ಆ ಐಕಾನ್ ಇನ್ನೂ ಕವಲಿಗೆ ಹತ್ತಿರವಿದೆ. ಅದಾದ ಮೇಲೆ ಜಲಪಾತಕ್ಕೆ ಹೇಗೆ ಹೋಗುತ್ತೀರಿ ಅಂತ ಕೇಳಿ. ಉತ್ತರದಲ್ಲಿ ‘ನಡೆದು’ ಅಂತ ಬಂದರೆ ಆ 6 ಕಿ.ಮೀ. ಇನ್ನೂ ದಪ್ಪವಾಗಬೇಕು. ಅಚ್ಚಿನ ಕರಡು ಬಂದಾಗ ಅಳತೆ ಗೆರೆಯ ಮೇಲೆ ಸ್ಕೇಲು ಇಡಿ. 50 ಮಿ.ಮೀ. ಬದಲು 47 ಇದ್ದರೆ ಅಚ್ಚಿನವರು ಹಾಳೆಗೆ ಹೊಂದಿಸಲು ಕುಗ್ಗಿಸಿದ್ದಾರೆ. ಅಳತೆ ಗೆರೆಗೆ ಅದರಿಂದ ತೊಂದರೆಯಿಲ್ಲ, ಆದರೆ 8 ಪಾಯಿಂಟಿನ ಹೆಸರುಗಳು ಏಳೂವರೆಗೆ ಇಳಿದಿರುತ್ತವೆ. ಪೂರ್ತಿ ಗಾತ್ರದಲ್ಲೇ ತೆಗೆಯಲು ಹೇಳಿ.